ಗುಳಿಗೆ ಇವತ್ತೋ, ಮೂರು ತಿಂಗಳ ಮೇಲೋ?

ರನ್ನ ಬೆಳಗಲಿಯಲ್ಲಿ ಬಿ.ಪಿ. ತಪಾಸಣೆ ಮಾಡಿದಾಗ ಇಬ್ಬರ ವಿಷಯದಲ್ಲಿ ನಾನು ತೆಗೆದುಕೊಂಡ ತೀರ್ಮಾನ ಹಲವರಿಗೆ ತಲೆಕೆಳಗಾಗಿ ಕಂಡಿದೆ. ಒಬ್ಬಾಕೆಗೆ 42 ವರ್ಷ, ಬಿ.ಪಿ. 148/92. ಆಕೆಗೆ ಗುಳಿಗೆ ಕೊಡದೆ, ಮೂರು ತಿಂಗಳು ಊಟ-ಉಪ್ಪು-ನಡಿಗೆ ಸರಿಮಾಡಿಕೊಂಡು ಬಾ ಎಂದೆ. ಇನ್ನೊಬ್ಬರಿಗೆ 58 ವರ್ಷ, ಬಿ.ಪಿ. 144/90. ಅವರಿಗೆ ಗುಳಿಗೆ ಬರೆದುಕೊಟ್ಟೆ. ಹೆಚ್ಚು ಬಿ.ಪಿ. ಇದ್ದವಳಿಗೆ ಗುಳಿಗೆ ಇಲ್ಲ, ಕಡಿಮೆ ಇದ್ದವನಿಗೆ ಇದೆ. ಇದು ಯಾವ ನ್ಯಾಯ ಎಂದು ನಾಲ್ಕು ಕಡೆಯಿಂದ ಕೇಳಿದ್ದಾರೆ. ಒಬ್ಬರು ನನಗಿಂತ ಹಿರಿಯ ವೈದ್ಯರು, ಒಬ್ಬರು ಮೆಡಿಕಲ್ ಅಂಗಡಿ ನಡೆಸುವವರು, ಒಬ್ಬರು ನಿವೃತ್ತ ಮಾಸ್ತರರು, ನಾಲ್ಕನೆಯವರು ಆ 58ರ ಕಾಕಾನ ಮಗ. ನಾಲ್ವರ ಮಾತಿನಲ್ಲೂ ಹುರುಳಿದೆ, ಆದ್ದರಿಂದಲೇ ಒಂದೊಂದಕ್ಕೂ ಬಿಡಿಸಿ ಉತ್ತರ ಕೊಡಬೇಕೆನಿಸಿತು. ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿದ್ದೇನೆ.

ಹಿರಿಯ ವೈದ್ಯರ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಅವರು ಹೇಳುವುದು ಇಷ್ಟು: "140/90 ದಾಟಿತೆಂದರೆ ಅದು ರೋಗ. ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹಾಗೆ ಬರೆದಿದೆ. ಅಪಾಯದ ಅಂದಾಜು ಹಾಕುತ್ತ ಕೂತು ಚಿಕಿತ್ಸೆ ತಡಮಾಡಬೇಡಿ ಎಂದೂ ಅದರಲ್ಲೇ ಇದೆ. ನೀವು ಕೋಷ್ಟಕ ಹಿಡಿದು ಕೂತಿದ್ದೀರಿ."

ಅವರು ಹೇಳಿದ್ದು ನಿಜ. 2021ರ ಆ ಮಾರ್ಗಸೂಚಿಯಲ್ಲಿ 140/90 ಅಥವಾ ಅದಕ್ಕೆ ಮೇಲಿದ್ದು ರೋಗ ಖಚಿತವಾದವರಿಗೆ ಗುಳಿಗೆ ಶುರುಮಾಡಿ ಎಂದಿದೆ. ಖಚಿತವಾದ ಮೇಲೆ ನಾಲ್ಕು ವಾರ ಮೀರಬೇಡಿ ಎಂದೂ ಇದೆ. ನಮ್ಮ ದೇಶದಲ್ಲಿ 2017ರಲ್ಲಿ ಆರಂಭವಾದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವೂ ಇದೇ ಅಂಕಿಯನ್ನು ಗೆರೆಯಾಗಿ ಇಟ್ಟುಕೊಂಡಿದೆ. ಆದರೆ ಆ ಮಾರ್ಗಸೂಚಿಗಿಂತ ಒಂದು ವರ್ಷ ಮೊದಲು, 2020ರಲ್ಲಿ, ಅಂತರರಾಷ್ಟ್ರೀಯ ಅಧಿಕ ರಕ್ತದೊತ್ತಡ ಸೊಸೈಟಿ ಹೊರತಂದ ಸೂಚಿ ಬೇರೆ ಮಾತು ಹೇಳುತ್ತದೆ. ಮೇಲಿನ ಅಂಕಿ 140ರಿಂದ 159, ಕೆಳಗಿನದು 90ರಿಂದ 99 ಇದ್ದವರಲ್ಲಿ ಹೃದಯ, ಮೂತ್ರಪಿಂಡ, ಸಕ್ಕರೆ ಕಾಯಿಲೆ ಯಾವುದೂ ಇಲ್ಲದೆ ಒಟ್ಟು ಅಪಾಯ ಕಡಿಮೆಯಿದ್ದರೆ ಮೂರರಿಂದ ಆರು ತಿಂಗಳು ಜೀವನಕ್ರಮ ಬದಲಿಸಿ ನೋಡಿ, ಇಳಿಯದಿದ್ದರೆ ಗುಳಿಗೆ ಕೊಡಿ ಎನ್ನುತ್ತದೆ. ಅಪಾಯ ಹೆಚ್ಚಿದ್ದರೆ ತಡಮಾಡದೆ ಗುಳಿಗೆ. ತಿಳಿದವರೇ ಎರಡು ದಾರಿ ಹೇಳಿದಾಗ, ಯಾವ ದಾರಿ ಯಾರಿಗೆ ಎಂದು ಕೇಳಿಕೊಳ್ಳಬೇಕಾಗುತ್ತದೆ. ಒಂದೇ ಅಂಕಿಯ ಗೆರೆ ಹುಟ್ಟಿದ್ದು ಲಕ್ಷಾಂತರ ಜನರನ್ನು ಕೆಲವೇ ಸಿಬ್ಬಂದಿ ನೋಡಬೇಕಾದ ವ್ಯವಸ್ಥೆಗೆ. ಅಲ್ಲಿ ಸರಳ ನಿಯಮವೇ ಜೀವ ಉಳಿಸುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ತಡದ ಮಾತಿಗೆ ಬರೋಣ. ನಾನು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೊಸದಾಗಿ ಕೊಟ್ಟ ಕೋಷ್ಟಕ. ಅದರಲ್ಲಿ ಎರಡು ಬಗೆ. ಒಂದಕ್ಕೆ ರಕ್ತದ ಕೊಲೆಸ್ಟರಾಲ್ ಮತ್ತು ಸಕ್ಕರೆ ಕಾಯಿಲೆಯ ವಿವರ ಬೇಕು. ಇನ್ನೊಂದಕ್ಕೆ ಪ್ರಯೋಗಾಲಯವೇ ಬೇಡ. ವಯಸ್ಸು, ಹೆಣ್ಣೋ ಗಂಡೋ, ಬೀಡಿ-ಸಿಗರೇಟು ಸೇದುವುದುಂಟೋ ಇಲ್ಲವೋ, ಬಿ.ಪಿ.ಯ ಮೇಲಿನ ಅಂಕಿ, ತೂಕ-ಎತ್ತರ, ಈ ಐದು ತಿಳಿದರೆ ಸಾಕು. ಗೋಡೆಗೆ ಹಚ್ಚಿದ ಹಾಳೆಯಲ್ಲಿ ಬೆರಳಿಟ್ಟು ನೋಡಲು ಎರಡು ನಿಮಿಷ. ಮುಂದಿನ ಹತ್ತು ವರ್ಷದಲ್ಲಿ ಈ ಮನುಷ್ಯನಿಗೆ ಹೃದಯಾಘಾತವೋ ಲಕ್ವವೋ ಆಗುವ ಸಂಭವ ನೂರಕ್ಕೆ ಎಷ್ಟು ಎಂಬುದು ಬೆರಳು ನಿಂತ ಮನೆಯಲ್ಲಿ ಬರೆದಿರುತ್ತದೆ. 5ಕ್ಕಿಂತ ಕಡಿಮೆಯಿದ್ದರೆ ಹಸಿರು, 10ರವರೆಗೆ ಹಳದಿ, 20ರವರೆಗೆ ಕಿತ್ತಳೆ, ಅದರ ಮೇಲೆ ಕೆಂಪು.

ಈಗ ಆ ಇಬ್ಬರನ್ನು ಕೋಷ್ಟಕದ ಮುಂದೆ ನಿಲ್ಲಿಸೋಣ. ಆಕೆ ಸೇದುವುದಿಲ್ಲ, ತಂಬಾಕು ಹಾಕುವುದಿಲ್ಲ, ಸಕ್ಕರೆ ಇಲ್ಲ, 152 ಸೆಂಟಿಮೀಟರ್ ಎತ್ತರಕ್ಕೆ 60 ಕಿಲೋ ತೂಕ. ಹಸಿರು ಮನೆಯಲ್ಲಿ ಬರುತ್ತಾಳೆ. ಕಾಕಾ ನಲವತ್ತು ವರ್ಷದಿಂದ ಬೀಡಿ ಸೇದುತ್ತ ಬಂದವರು, ತೂಕ ಹೆಚ್ಚಿಲ್ಲ, ಸಕ್ಕರೆಯೂ ಇಲ್ಲ. ಅವರು ಕಿತ್ತಳೆಯಲ್ಲಿ ನಿಲ್ಲುತ್ತಾರೆ. ಲೆಕ್ಕ ಸುಲಭವಾಗಲೆಂದು ಆಕೆಯ ಅಪಾಯ ನೂರಕ್ಕೆ 4, ಕಾಕಾನದು ನೂರಕ್ಕೆ 16 ಎಂದಿಟ್ಟುಕೊಳ್ಳಿ. ಮೇಲಿನ ಅಂಕಿ 10ರಷ್ಟು ಇಳಿದರೆ ಹೃದಯಾಘಾತ, ಲಕ್ವದಂಥ ದೊಡ್ಡ ಪೆಟ್ಟುಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತವೆ ಎಂಬುದು ಅನೇಕ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ ಕಂಡದ್ದು. ಈ ಐದರಲ್ಲಿ ಒಂದು ಎಂಬ ಪಾಲು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಆದರೆ ಯಾವುದರ ಐದನೇ ಒಂದು ಎಂಬುದು ಬೇರೆ. ಆಕೆಯಂಥ ನೂರು ಮಂದಿಯಲ್ಲಿ 4 ಇದ್ದದ್ದು 3.2 ಆಗುತ್ತದೆ. ಅಂದರೆ 125 ಹೆಣ್ಣುಮಕ್ಕಳು ಹತ್ತು ವರ್ಷ ದಿನಾ ಗುಳಿಗೆ ನುಂಗಿದರೆ ಒಬ್ಬಳು ಪೆಟ್ಟಿನಿಂದ ಪಾರಾಗುತ್ತಾಳೆ. ಕಾಕಾನಂಥ ನೂರು ಮಂದಿಯಲ್ಲಿ 16 ಇದ್ದದ್ದು 12.8ಕ್ಕೆ ಇಳಿಯುತ್ತದೆ. ಅಲ್ಲಿ ಸುಮಾರು 31 ಮಂದಿ ನುಂಗಿದರೆ ಒಬ್ಬರು ಪಾರು. ಗುಳಿಗೆ ಅದೇ, ಡೋಸ್ ಅದೇ, ಫಲ ಮಾತ್ರ ನಾಲ್ಕು ಪಟ್ಟು. ಬಿ.ಪಿ.ಯ ಅಂಕಿ ಒಂದನ್ನೇ ನೋಡಿದವರಿಗೆ ಇದು ಕಾಣುವುದಿಲ್ಲ.

ಹಾಗಾದರೆ ಆ 125ರಲ್ಲಿ ಒಬ್ಬಳು ನಗಣ್ಯಳೇ ಎಂದು ಹಿರಿಯರು ಕೇಳಿದರು. ಅಲ್ಲ. ಆಕೆಗೂ ಬಿ.ಪಿ. ಇಳಿಯಬೇಕು. ಅದನ್ನು ಮೊದಲು ಗುಳಿಗೆಯಿಲ್ಲದೆ ಇಳಿಸಲು ಮೂರು ತಿಂಗಳ ಕಾಲಾವಕಾಶ ಆಕೆಗಿದೆ, ಕಾಕಾಗೆ ಇಲ್ಲ ಎಂಬುದಷ್ಟೇ ನನ್ನ ಮಾತು.

ಇದಕ್ಕೆ ಮೊದಲು ಇನ್ನೊಂದು ಸಂಗತಿ ಇದೆ. ಕೋಷ್ಟಕ ನೋಡುವ ಮುಂಚೆ ಆ 148 ನಿಜವಾದ 148 ಹೌದೋ ಅಲ್ಲವೋ ನೋಡಬೇಕು. ಆಕೆ ಮೊದಲ ದಿನ ಹೊಲದಿಂದ ನೇರವಾಗಿ ಬಂದಿದ್ದಳು. ಸಾಲಿನಲ್ಲಿ ನಿಂತು, ಪಕ್ಕದವಳ ಜೊತೆ ಮಾತಾಡುತ್ತ, ಕೈಯನ್ನು ಗಾಳಿಯಲ್ಲಿ ಜೋತುಬಿಟ್ಟು ಕೊಟ್ಟಳು. ಅಂದು ಬಂದದ್ದು 158. ಬೆನ್ನಿಗೆ ಆನಿಕೆ ಕೊಟ್ಟು ಕೂರಿಸಿ, ಪಾದ ನೆಲಕ್ಕೆ ಊರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿಸಿ, ಐದು ನಿಮಿಷ ಮಾತಿಲ್ಲದೆ ಇದ್ದ ಮೇಲೆ ನೋಡಿದಾಗ 150. ಮರುವಾರ ಮತ್ತೆ ಎರಡು ಸಲ ನೋಡಿ ಸರಾಸರಿ ತೆಗೆದಾಗ 148. ಮೂತ್ರ ಕಟ್ಟಿಕೊಂಡು ಕೂತರೂ, ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಅಂಕಿ ಹುಸಿಯಾಗಿ ಏರುತ್ತದೆ. ಮೈಕೈ ನೋವಿಗೆಂದು ವಾರಗಟ್ಟಲೆ ನುಂಗುವ ನೋವಿನ ಗುಳಿಗೆಗಳಂತೂ ಬಿ.ಪಿ.ಯನ್ನು ನಿಜವಾಗಿಯೇ ಏರಿಸುತ್ತವೆ. ಕಬ್ಬಿನ ಸೀಮೆಯಲ್ಲಿ ಅವನ್ನು ನುಂಗದ ಮನೆ ಸಿಗುವುದು ಕಷ್ಟ. ಅದನ್ನು ನಿಲ್ಲಿಸಿ ಎರಡು ವಾರ ಬಿಟ್ಟು ನೋಡಿದರೆ ಕೆಲವರಿಗೆ ರೋಗವೇ ಇರುವುದಿಲ್ಲ. ಇಷ್ಟೆಲ್ಲ, 2021ರ ಮಾರ್ಗಸೂಚಿ ಹೇಳುವ ನಾಲ್ಕು ವಾರದ ಒಳಗೇ ಮುಗಿಯುತ್ತದೆ.

ಮೆಡಿಕಲ್ ಅಂಗಡಿಯವರ ಆಕ್ಷೇಪ ಸರಳ: "ದಿನಕ್ಕ ಒಂದು ಸಣ್ಣ ಗುಳಿಗಿ, ರೊಕ್ಕಾ ಏನ ಭಾಳ ಅಲ್ರೀ, ತ್ರಾಸೂ ಇಲ್ಲ. ಕೊಟ್ಟಬಿಟ್ರ ಮುಗೀತಲ್ಲ?" ಬೆಲೆಯ ಮಾತು ಒಪ್ಪುತ್ತೇನೆ. ಅಮ್ಲೋಡಿಪಿನ್ 5 ಮಿಲಿಗ್ರಾಂ ಜನೌಷಧಿ ಅಂಗಡಿಯಲ್ಲಿ ಅಗ್ಗ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ತ್ರಾಸಿಲ್ಲ ಎಂಬುದನ್ನು ಒಪ್ಪಲಾರೆ. ಕಾಲಿನ ಗಿಣ್ಣು ಬಾವು ಬರುವುದು ಅದರ ಪ್ರಸಿದ್ಧ ಗುಣ. ಬಾವು ನೋಡಿ ಕಿಡ್ನಿ ಹೋಯಿತೆಂದು ಹೆದರಿ, ಇನ್ನೊಂದು ಮೂತ್ರದ ಗುಳಿಗೆ ಕೇಳಿ ಪಡೆದವರನ್ನು ನಾನು ಕಂಡಿದ್ದೇನೆ. ಬ್ರಿಟನ್ನಿನಲ್ಲಿ ಅಪಾಯ ಕಡಿಮೆಯಿದ್ದು ಬಿ.ಪಿ. ಸ್ವಲ್ಪವೇ ಏರಿದ್ದ ಸುಮಾರು 38,000 ಜನರ ದಾಖಲೆಗಳನ್ನು ಹೋಲಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗುಳಿಗೆ ತೆಗೆದುಕೊಂಡವರಲ್ಲಿ ಸಾವಾಗಲಿ ಹೃದಯದ ಪೆಟ್ಟಾಗಲಿ ಕಡಿಮೆಯಾದದ್ದು ಕಾಣಲಿಲ್ಲ, ಬಿ.ಪಿ. ಕುಸಿಯುವುದು, ತಲೆತಿರುಗಿ ಬೀಳುವುದು ಹೆಚ್ಚಾದದ್ದು ಕಂಡಿತು. ಅದು ಪ್ರಯೋಗವಲ್ಲ, ದಾಖಲೆಗಳ ಹೋಲಿಕೆ. ನೋಡಿದ ಅವಧಿಯೂ ಸುಮಾರು ಆರು ವರ್ಷ ಮಾತ್ರ. ಹಾಗಾಗಿ ಅದನ್ನೇ ಕೊನೆಯ ಮಾತೆಂದು ನಾನು ಹಿಡಿಯುವುದಿಲ್ಲ. ಅಪಾಯ ಕಡಿಮೆಯಿದ್ದವರಲ್ಲಿ ಲಾಭ ಸಣ್ಣದು, ತೊಂದರೆ ಮಾತ್ರ ಅವರಿಗೂ ತಟ್ಟುತ್ತದೆ ಎಂಬ ಅಂಶಕ್ಕೆ ಅದು ಸಾಕ್ಷಿ ಹೇಳುತ್ತದೆ.

ಮಾಸ್ತರರದು ಭಾವನೆ ಬೆರೆತ ಪ್ರಶ್ನೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. "ಪುನೀತ್ ರಾಜ್‌ಕುಮಾರ್ 46ಕ್ಕೆ ಹೋದರು. ನಿಮ್ಮ ಪರದೇಶದ ಕೋಷ್ಟಕ ಅಂಥವರನ್ನೆಲ್ಲ ಹಸಿರು ಮನೆಗೆ ತಳ್ಳುತ್ತದೆ. ನಮ್ಮ ಜನಕ್ಕೆ ಹೃದಯದ ಬೇನೆ ಬೇಗ ಬರುತ್ತದೆ, ಅದು ಆ ಹಾಳೆಗೆ ಗೊತ್ತೇನು?" 2021ರ ಅಕ್ಟೋಬರ್ 29ರ ನಂತರ ಹೃದಯ ತಪಾಸಣೆಗೆ ಜನ ಹೇಗೆ ಸಾಲುಗಟ್ಟಿದರೆಂದು ನಮಗೆಲ್ಲ ನೆನಪಿದೆ. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು.

ಪರದೇಶದ್ದು ಎಂಬ ಮಾತು ಹಳೆಯ ಕೋಷ್ಟಕಗಳಿಗೆ ಒಪ್ಪುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ದಶಕಗಟ್ಟಲೆ ನೋಡಿ ಕಟ್ಟಿದ ಲೆಕ್ಕವನ್ನು ನಾವು ಬಹುಕಾಲ ನಮ್ಮ ಜನಕ್ಕೆ ಹಚ್ಚಿದೆವು. 2019ರದು ಹಾಗಲ್ಲ. ಜಗತ್ತನ್ನು 21 ಪ್ರದೇಶಗಳಾಗಿ ವಿಂಗಡಿಸಿ, ಆಯಾ ಪ್ರದೇಶದಲ್ಲಿ ಹೃದಯಾಘಾತ ಮತ್ತು ಲಕ್ವ ಎಷ್ಟು ಎಂಬ ಅಂದಾಜಿಗೆ ಸರಿಹೊಂದಿಸಿ, ಪ್ರತಿ ಪ್ರದೇಶಕ್ಕೂ ಬೇರೆ ಹಾಳೆ ಮಾಡಿದ್ದಾರೆ. ನಮ್ಮದು ದಕ್ಷಿಣ ಏಷ್ಯಾದ ಹಾಳೆ. ತಪ್ಪು ಪ್ರದೇಶದ ಹಾಳೆ ಗೋಡೆಗೆ ಹಚ್ಚಿದರೆ ಲೆಕ್ಕವೂ ತಪ್ಪುತ್ತದೆ, ಆದ್ದರಿಂದ ತಲೆಬರಹ ಓದಿ ನೋಡುವುದು ಒಳ್ಳೆಯದು.

ಆದರೂ ಮಾಸ್ತರರ ಅನುಮಾನದ ತಿರುಳು ಉಳಿಯುತ್ತದೆ. ಆ ಹಾಳೆಗೆ ಗೊತ್ತಿಲ್ಲದ ಸಂಗತಿಗಳಿವೆ. ಅದು 40ರಿಂದ 74 ವರ್ಷದವರಿಗೆ ಮಾತ್ರ. 34ರ ಹುಡುಗನಿಗೆ ಬಿ.ಪಿ. ಏರಿದ್ದರೆ ಕೋಷ್ಟಕ ಮಡಚಿಟ್ಟು, ಕಿಡ್ನಿಯದೋ ಗ್ರಂಥಿಯದೋ ಬೇರೆ ಕಾರಣ ಉಂಟೇ ಎಂದು ಹುಡುಕಬೇಕು. ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿಲ್ಲ. ನಮ್ಮ ಭಾಗಕ್ಕೆ ಬಹಳ ಮುಖ್ಯವಾದದ್ದು ಇನ್ನೊಂದಿದೆ. ಕೋಷ್ಟಕ ಕೇಳುವುದು ಹೊಗೆಯನ್ನು. ಗುಟಖಾ ಜಗಿಯುವವನು, ತಂಬಾಕಿಗೆ ಸುಣ್ಣ ತಿಕ್ಕಿ ತುಟಿಯಡಿ ಇಟ್ಟುಕೊಳ್ಳುವವನು "ನಾ ಸೇದಂಗಿಲ್ರೀ" ಎಂದರೆ ಸುಳ್ಳಲ್ಲ, ಹಾಳೆಯೂ ಅವನನ್ನು ಸೇದದವರ ಸಾಲಿಗೆ ಹಾಕುತ್ತದೆ. ಅವನ ರಕ್ತನಾಳಕ್ಕೆ ಆ ರಿಯಾಯಿತಿ ಇಲ್ಲ. ಇಂಥ ಕಡೆ ನಾನು ಅಂದಾಜನ್ನು ಒಂದು ಬಣ್ಣ ಮೇಲಕ್ಕೆ ಸರಿಸಿ ಯೋಚಿಸುತ್ತೇನೆ. ಅದು ನನ್ನ ವೈಯಕ್ತಿಕ ವಿವೇಚನೆ, ಕೋಷ್ಟಕದ್ದಲ್ಲ. ಕೆಳಕ್ಕೆ ಸರಿಸುವುದನ್ನು ಮಾತ್ರ ಎಂದೂ ಮಾಡಿಲ್ಲ.

ಇನ್ನು ಕೆಲವರನ್ನು ಕೋಷ್ಟಕದ ಹತ್ತಿರ ಕರೆದೊಯ್ಯುವುದೇ ತಪ್ಪು. ಒಮ್ಮೆ ಹೃದಯಾಘಾತವೋ ಲಕ್ವವೋ ಆದವರು, ಕಿಡ್ನಿ ಕೆಟ್ಟವರು, ಸಕ್ಕರೆ ಕಾಯಿಲೆಯಿದ್ದು ಬಿ.ಪಿ.ಯೂ ಏರಿದವರು, 160/100 ದಾಟಿದವರು, ಇವರಿಗೆಲ್ಲ ಗುಳಿಗೆಯ ತೀರ್ಮಾನ ಆಗಲೇ ಆಗಿಹೋಗಿದೆ. ಬಸುರಿಯ ಬಿ.ಪಿ. ಪೂರ್ತಿ ಬೇರೆ ವಿಷಯ, ಅದಕ್ಕೆ ಅಂದೇ ಆಸ್ಪತ್ರೆ. ಹಸಿರು ಮನೆಯವಳೆಂದು ನಾನು 42ರ ಆ ಹೆಣ್ಣುಮಗಳನ್ನು ಹಾಗೇ ಬಿಟ್ಟುಬಿಡಲಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆಯೇ, ಇ.ಸಿ.ಜಿ.ಯಲ್ಲಿ ಹೃದಯದ ಗೋಡೆ ದಪ್ಪಗಾದ ಗುರುತಿದೆಯೇ ನೋಡಿದೆ. ಬಿ.ಪಿ. ಒಳಗೊಳಗೇ ವರ್ಷಗಟ್ಟಲೆ ಕೆಲಸ ಮಾಡಿದ್ದರೆ ಗುರುತು ಸಿಗುವುದು ಅಲ್ಲಿ. ಮೂರರಲ್ಲಿ ಒಂದು ಕೆಟ್ಟು ಬಂದಿದ್ದರೂ ಹಸಿರು ಬಣ್ಣಕ್ಕೆ ಬೆಲೆ ಕೊಡದೆ ಗುಳಿಗೆ ಬರೆಯುತ್ತಿದ್ದೆ. ಮೂರೂ ಸರಿಯಿದ್ದವು.

ಮಾಸ್ತರರೇ ಇನ್ನೊಂದು ಮಾತು ಸೇರಿಸಿದ್ದರು: "ಉಪ್ಪು ಕಡಿಮೆ ತಿನ್ನು ಅಂತ ಹೇಳಿ ಕಳಿಸೋದು ಚಿಕಿತ್ಸೆ ಅಲ್ಲ, ಕೈತೊಳಕೊಳ್ಳೋದು." ನೂರಕ್ಕೆ ನೂರು ಒಪ್ಪುವ ಮಾತು. ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಅದು ಕೈತೊಳೆದುಕೊಳ್ಳುವುದೇ. ಹಾಗಾಗದಂತೆ ನಾನು ಏನು ಮಾಡಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಉಪ್ಪು ಎಷ್ಟು ತಿನ್ನುತ್ತೀರಿ ಎಂದು ಕೇಳಿದರೆ ಎಲ್ಲರೂ ಹೇಳುವ ಉತ್ತರ "ಭಾಳ ಇಲ್ರೀ". ಆದ್ದರಿಂದ ನಾನು ಬೇರೆ ರೀತಿ ಕೇಳುತ್ತೇನೆ: ಒಂದು ಕಿಲೋ ಉಪ್ಪಿನ ಪಾಕೀಟು ಎಷ್ಟು ದಿನ ಬರುತ್ತದೆ, ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ? ಆಕೆಯ ಮನೆಯಲ್ಲಿ ಐದು ಮಂದಿ, ಪಾಕೀಟು 20 ದಿನಕ್ಕೆ ಖಾಲಿ. ಸಾವಿರ ಗ್ರಾಂ ಅನ್ನು ಐದರಿಂದ ಭಾಗಿಸಿ, ಮತ್ತೆ 20ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂನ ಒಳಗೆ. ಪಾತ್ರೆ ತೊಳೆಯುವಾಗ ಹೋಗುವುದು, ಸಣ್ಣ ಮಕ್ಕಳು ಕಡಿಮೆ ತಿನ್ನುವುದು ಎಲ್ಲ ಸೇರಿ ಈ ಲೆಕ್ಕ ಒರಟು. ವರ್ಷದ ಉಪ್ಪಿನಕಾಯಿಗೆ ಬೇರೆಯಾಗಿ ತಂದ ಕಲ್ಲುಪ್ಪು ಇದರಲ್ಲಿ ಸೇರಿರುವುದೂ ಇಲ್ಲ. ಆದರೆ ಈ ಲೆಕ್ಕದಲ್ಲಿ ಸುಧಾರಣೆ ಆಯಿತೋ ಇಲ್ಲವೋ ಎಂದು ಮನೆಯವರೇ ಕಂಡುಕೊಳ್ಳಬಹುದು. ಪಾಕೀಟು ಒಡೆದ ತಾರೀಖನ್ನು ಅದರ ಮೇಲೇ ಪೆನ್ನಿನಲ್ಲಿ ಬರೆಯಿರಿ, 30 ದಿನ ಬರಲಿ ಎಂಬುದೇ ಮೊದಲ ಗುರಿ ಎಂದೆ.

ಎಲ್ಲಿ ಕಡಿಮೆ ಮಾಡುವುದು? ಜೋಳದ ರೊಟ್ಟಿಯ ಹಿಟ್ಟಿಗೆ ನಮ್ಮಲ್ಲಿ ಬಹಳ ಮನೆಗಳು ಉಪ್ಪು ಹಾಕುವುದೇ ಇಲ್ಲ, ಆ ಪುಣ್ಯ ನಮಗಿದೆ. ಉಪ್ಪು ಕೂತಿರುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾ ಚಟ್ನಿ, ಕೆಂಪಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿಭಜಿ, ಚುರುಮುರಿ. ಇವೆಲ್ಲ ಬಿಡಿ ಎಂದರೆ ಎರಡನೇ ದಿನಕ್ಕೇ ಪರೀಕ್ಷೆ ಮುಗಿಯುತ್ತದೆ. ಒಂದು ಊಟಕ್ಕೆ ಒಂದೇ ಉಪ್ಪಿನ ಪದಾರ್ಥ, ಚಟ್ನಿ ಇದ್ದರೆ ಉಪ್ಪಿನಕಾಯಿ ಬೇಡ. ಚಟ್ನಿಪುಡಿಗೆ ಕುಟ್ಟುವಾಗಲೇ ಉಪ್ಪು ಅರ್ಧ, ಬೇಕಾದರೆ ಬೆಳ್ಳುಳ್ಳಿ, ಹುಣಸೆಹುಳಿ ಹೆಚ್ಚು. ಮಜ್ಜಿಗೆಗೆ ಉಪ್ಪಿಲ್ಲ. ನಾಲಿಗೆಗೆ ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ, ಮೊದಲೆರಡು ವಾರ ಸಪ್ಪೆ ಎಂದು ಗಂಡ-ಮಕ್ಕಳು ಗೊಣಗುತ್ತಾರೆ ಎಂದು ಮೊದಲೇ ಹೇಳಿಟ್ಟೆ. ಉಪ್ಪನ್ನು ನಾಲ್ಕು ಗ್ರಾಂನಷ್ಟು ಇಳಿಸಿದರೆ ಬಿ.ಪಿ. ಏರಿದವರಲ್ಲಿ ಮೇಲಿನ ಅಂಕಿ ಸುಮಾರು 5 ಇಳಿಯುತ್ತದೆ. ಒಂದು ಕಿಲೋ ತೂಕ ಇಳಿದರೆ ಒಂದು ಅಂಕಿ. ದಿನಾ ಅರ್ಧ ತಾಸು ಬಿರುಸಾದ ನಡಿಗೆಗೆ ಇನ್ನಷ್ಟು. ಇವನ್ನೆಲ್ಲ ಹಾಗೇ ಕೂಡಿಸಲಾಗದು, ಆದರೆ 148ರಿಂದ 140ರ ಕೆಳಗೆ ಬರುವುದು ಕನಸಿನ ಮಾತಲ್ಲ. 158ರಲ್ಲಿ ಇದ್ದವರಿಗೆ ಇಷ್ಟೇ ಸಾಲುವುದು ಅಪರೂಪ, ಅದನ್ನೂ ಮುಚ್ಚಿಡದೆ ಹೇಳಬೇಕು. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿನಿಂದ ಲಾಭವಿದೆ ಎಂದು 2021ರಲ್ಲಿ ಚೀನಾದ ಹಳ್ಳಿಗಳ ದೊಡ್ಡ ಪ್ರಯೋಗ ತೋರಿಸಿತು. ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ ಅದೇ ಉಪ್ಪು ಅಪಾಯಕಾರಿ. ಒಂದೇ ಗಡಿಗೆಯಲ್ಲಿ ಎಲ್ಲರಿಗೂ ಬೇಯುವುದರಿಂದ ಅದನ್ನು ನಾನು ಕೇಳದೆ ಹೇಳುವುದಿಲ್ಲ.

ಈ ಪರೀಕ್ಷೆಗೆ ಆರಂಭದ ದಿನ ಇದ್ದಂತೆ ಮುಗಿಯುವ ದಿನವೂ ಇರಬೇಕು, ಅದಿಲ್ಲದಿದ್ದರೆ ಮಾಸ್ತರರ ಮಾತೇ ಗೆಲ್ಲುತ್ತದೆ. ಸಂಕ್ರಾಂತಿಯ ಮರುದಿನ ಶುರು, ಏಪ್ರಿಲ್ ಮಧ್ಯಕ್ಕೆ ಮುಕ್ತಾಯ ಎಂದು ಚೀಟಿಯಲ್ಲಿ ಬರೆದೆ. ನಡುವೆ ಆರನೇ ವಾರ ಒಮ್ಮೆ ಬರಬೇಕು. ಯಾವ ದಿನವಾದರೂ 160/100 ಮುಟ್ಟಿದರೆ ಪರೀಕ್ಷೆ ಅಲ್ಲಿಗೇ ನಿಂತು ಗುಳಿಗೆ ಶುರು. ಎದೆನೋವು, ಮಾತು ತೊದಲುವುದು, ಕೈಕಾಲಲ್ಲಿ ಬಲ ಕುಂದುವುದು ಕಂಡರೆ ಚೀಟಿಯ ತಾರೀಖು ನೋಡದೆ ಆಸ್ಪತ್ರೆಗೆ. ಕೊನೆಯ ದಿನ 140/90 ಅಥವಾ ಮೇಲಿದ್ದರೆ ಆಕೆಗೂ ಗುಳಿಗೆ, ಇನ್ನೊಂದು ಅವಧಿ ಇಲ್ಲ. ಆರನೇ ವಾರಕ್ಕೆ 142/90, ತೂಕ ಎರಡು ಕಿಲೋ ಕಡಿಮೆ, ಪಾಕೀಟು 28 ದಿನ ಬಂದಿತ್ತು. ಏಪ್ರಿಲ್‌ನಲ್ಲಿ 136/86.

ಇಲ್ಲಿ ನಾನೇ ನನ್ನ ವಿರುದ್ಧ ಒಂದು ಆಕ್ಷೇಪ ಎತ್ತಬೇಕು, ಯಾಕೆಂದರೆ ನಾಲ್ವರಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಬಿ.ಪಿ. ಚಳಿಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಬಿಸಿಲಿಗೆ ರಕ್ತನಾಳ ಹಿಗ್ಗುತ್ತದೆ, ಬೆವರಿನಲ್ಲಿ ಉಪ್ಪು ಹೋಗುತ್ತದೆ. ಜನವರಿಯಲ್ಲಿ ಶುರುಮಾಡಿ ಏಪ್ರಿಲ್‌ನ ಬಿಸಿಲಲ್ಲಿ ಅಳೆದರೆ ಇಳಿದ 12 ಅಂಕಿಯಲ್ಲಿ ಕೆಲವಂಶ ನಮ್ಮ ಸೀಮೆಯ ಬಿಸಿಲಿನ ಕೊಡುಗೆ, ಆಕೆಯ ಉಪ್ಪಿನ ಪಾಕೀಟಿನದಲ್ಲ. ಆದ್ದರಿಂದ ಗೆದ್ದೆವು ಎಂದು ಚೀಟಿ ಹರಿಯದೆ, ಡಿಸೆಂಬರ್ ಮೊದಲ ವಾರಕ್ಕೆ ಮತ್ತೊಂದು ತಾರೀಖು ಬರೆದಿದ್ದೇನೆ. ಅಂದು 140 ದಾಟಿದ್ದರೆ ಗುಳಿಗೆ.

ಕಾಕಾನ ಮಗನ ಸಿಟ್ಟು ಪೂರ್ತಿ ಎದುರು ದಿಕ್ಕಿನದು. "ಬಿ.ಪಿ. ಕಡಿಮಿ ಇದ್ದ ನಮ್ಮಪ್ಪಗ ಗುಳಿಗಿ ಹಚ್ಚಿ ಬಿಟ್ರಿ. ಒಮ್ಮಿ ಚಾಲೂ ಆದ್ರ ಸಾಯೂತನಾ ಬಿಡಾಕ ಬರಂಗಿಲ್ಲಂತ. ಅವ್ರಿಗೂ ಮೂರು ತಿಂಗಳ ಟೈಮ್ ಕೊಡಬೇಕಿತ್ತಲ್ರೀ ಡಾಕ್ಟ್ರ?" ಅಪ್ಪನ ಮೇಲಿನ ಕಾಳಜಿಯಿಂದ ಬಂದ ಮಾತು ಇದು. ಉತ್ತರವನ್ನು ಅವನ ಎದುರಿಗೇ ಕೊಟ್ಟೆ, ಇಲ್ಲೂ ಬರೆಯುತ್ತೇನೆ. ಗುಳಿಗೆ ಬಿಟ್ಟರೆ ಬಿ.ಪಿ. ಏರುವುದು ಗುಳಿಗೆ ಚಟ ಹಿಡಿಸಿತೆಂದಲ್ಲ. ಏರಿಸುವ ಕಾರಣ ಮೈಯೊಳಗೆ ಹಾಗೇ ಇದೆ, ತಡೆ ಮಾತ್ರ ತೆಗೆದಿದ್ದೇವೆ. ತೂಕ, ಉಪ್ಪು ಸರಿಹೋಗಿ ವರ್ಷಗಟ್ಟಲೆ ಹಿಡಿತದಲ್ಲಿದ್ದವರಿಗೆ ನಾವೇ ಡೋಸ್ ಇಳಿಸಿ ನೋಡುವುದುಂಟು. ಮೂರು ತಿಂಗಳ ಅವಕಾಶ ಕಾಕಾಗೆ ಕೊಡಲಿಲ್ಲ, ಯಾಕೆಂದರೆ ಅವರಂಥ ಆರೇಳು ಮಂದಿಯಲ್ಲಿ ಒಬ್ಬರಿಗೆ ಹತ್ತು ವರ್ಷದೊಳಗೆ ಪೆಟ್ಟು ಬೀಳುತ್ತದೆ, ಆ ಒಬ್ಬರು ಯಾರೆಂದು ಮೊದಲೇ ತಿಳಿಯುವ ಉಪಾಯವಿಲ್ಲ. ಉಪ್ಪು, ನಡಿಗೆ ಅವರಿಗೂ ಹೇಳಿದ್ದೇನೆ, ಗುಳಿಗೆಯ ಬದಲಿಗೆ ಅಲ್ಲ, ಅದರ ಜೊತೆಗೆ. ಬೀಡಿ ಬಿಡುವುದು ಅವರ ಮಟ್ಟಿಗೆ ಗುಳಿಗೆಗಿಂತ ದೊಡ್ಡ ಔಷಧಿ. ಅದಕ್ಕೆ ನನ್ನ ಬಳಿ ಮಗನ ಸಹಾಯ ಬಿಟ್ಟರೆ ಬೇರೆ ಬಲವಾದ ಸಾಧನವಿಲ್ಲ ಎಂದೂ ಹೇಳಿದೆ. ನಾಲ್ಕು ವಾರದ ಮೇಲೆ ಕಾಕಾ ಬಂದಾಗ 132/82 ಇತ್ತು. ಬೀಡಿ ಕಟ್ಟು ಇನ್ನೂ ಕಿಸೆಯಲ್ಲೇ ಇತ್ತು.

ಕೊನೆಗೆ ಹಿರಿಯ ವೈದ್ಯರು ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆ ಉಳಿದಿದೆ. "ಆ ಹೆಣ್ಣುಮಗಳು ಏಪ್ರಿಲ್‌ಗೆ ಬಂದಳು ಸರಿ, ಬಾರದಿದ್ದರೆ?" ಇದಕ್ಕೆ ನಾನು ಸೋಲೊಪ್ಪುತ್ತೇನೆ. ಆಕೆ ಊರಲ್ಲೇ ಮನೆಯಿದ್ದವಳು, ಆಶಾ ಕಾರ್ಯಕರ್ತೆ ಅದೇ ಓಣಿಯವರು, ತಾರೀಖು ತಪ್ಪಿದರೆ ಬಾಗಿಲಿಗೆ ಹೋಗಿ ಕರೆತರುತ್ತಿದ್ದರು. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬರುವ ತಂಡಗಳ ಮಾತು ಬೇರೆ. ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿದ ಮೇಲೆ ಅವರು ಎಲ್ಲಿರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಹಿಂದಿರುಗಿ ಬಂದು ಅಳೆಸಿಕೊಳ್ಳದ ಮೂರು ತಿಂಗಳು ಪರೀಕ್ಷೆಯಲ್ಲ, ಬರೀ ಗುಳಿಗೆಯಿಲ್ಲದ ಮೂರು ತಿಂಗಳು. ಕಳೆದ ಹಂಗಾಮಿನಲ್ಲಿ ಅಂಥ ತಂಡದ 45ರ ಒಬ್ಬಾಕೆಗೆ ಎರಡು ವಾರ ಬಿಟ್ಟು ನೋಡಿದರೂ 150/94 ಇತ್ತು. ಬಣ್ಣ ಹಸಿರೇ. ಆಕೆಗೆ ನಾನು ಹಿರಿಯರ ನಿಯಮದಂತೆ ಗುಳಿಗೆಯನ್ನೇ ಕೊಟ್ಟೆ. ಬಿ.ಪಿ.ಯ ಅಂಕಿ, ಗುಳಿಗೆಯ ಹೆಸರು, ಮತ್ತೆ ನೋಡಬೇಕಾದ ತಿಂಗಳು ಮೂರನ್ನೂ ಒಂದು ಕಾರ್ಡಿನಲ್ಲಿ ಮರಾಠಿಯಲ್ಲಿ ಬರೆಯಿಸಿ, ಆಕೆಯ ಊರಿನ ಆರೋಗ್ಯ ಕೇಂದ್ರದಲ್ಲಿ ತೋರಿಸಲು ಹೇಳಿ ಕಳಿಸಿದೆ.